ಜೆರಾಕ್ಸ್ ಮೇಲಿನ ಆ ಎಂಟು ಅಂಕಿ

"ಲಾಡ್ಜ್‌ಗೆ, ಜಿಮ್‌ಗೆ, ಬಾಡಿಗೆ ಮನೆ ಓನರ್‌ಗೆ, ಎಲ್ರಿಗೂ ಆಧಾರ್ ಜೆರಾಕ್ಸ್ ಕೊಟ್ಟಿದ್ದೇನೆ. ಬರೀ ನಂಬರ್ ಗೊತ್ತಾದ್ರೆ ಯಾರು ಏನು ಮಾಡೋಕಾಗುತ್ತೆ? ಮಾಸ್ಕ್ಡ್ ಆಧಾರ್, ವಿಐಡಿ ಅಂತಾರಲ್ಲ, ಅದರಿಂದ ಏನಾದ್ರೂ ಉಪಯೋಗ ಇದೆಯಾ?"

ಬರೀ ನಂಬರಿನಿಂದ ಯಾರೂ ನಿಮ್ಮ ದುಡ್ಡು ತೆಗೆಯಲಾರರು. ವಾಟ್ಸಾಪ್‌ನಲ್ಲಿ ಬರುವ ಮೆಸೇಜ್ ನೋಡಿ ಗಾಬರಿಯಾಗಬೇಡಿ. ತೊಂದರೆ ಶುರುವಾಗುವುದು ಆ ನಂಬರಿನ ಜೊತೆಗೆ ಇನ್ನೊಂದು ಸೇರಿದಾಗ.

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಆನ್‌ಲೈನ್ ಸೆಂಟರ್ ನಡೆಸುತ್ತೇನೆ. ದಿನಕ್ಕೆ ಎಷ್ಟು ಆಧಾರ್ ಜೆರಾಕ್ಸ್ ಮಾಡುತ್ತೇನೋ ಲೆಕ್ಕ ಇಟ್ಟಿಲ್ಲ. ಒಂದು ದಿನ ನಿವೃತ್ತ ಮೇಷ್ಟ್ರೊಬ್ಬರು ಪಾಸ್‌ಬುಕ್ ಹಿಡಿದುಕೊಂಡು ಬಂದರು. ಮೂರು ದಿನದಲ್ಲಿ ಮೂರು ಸಲ, ಒಂದೊಂದು ಸಲಕ್ಕೆ 10,000 ರೂಪಾಯಿ ಹೋಗಿತ್ತು. ಎಟಿಎಂ ಕಾರ್ಡ್ ಮನೆಯ ಬೀರುವಿನಲ್ಲೇ ಇತ್ತು. ಯಾರಿಗೂ ಒಟಿಪಿ ಹೇಳಿರಲಿಲ್ಲ, ಒಟಿಪಿ ಬಂದೇ ಇರಲಿಲ್ಲ. ಎಂಟ್ರಿ ಮುಂದೆ AEPS ಎಂದು ಪ್ರಿಂಟ್ ಆಗಿತ್ತು. "ಈಚೆಗೆ ಏನಾದ್ರೂ ರಿಜಿಸ್ಟ್ರೇಷನ್ ಮಾಡಿಸಿದ್ರಾ ಸಾರ್?" ಎಂದು ಕೇಳಿದೆ. ಎರಡು ತಿಂಗಳ ಹಿಂದೆ ಸೈಟ್ ಮಾರಿದ್ದರು.

ಎಇಪಿಎಸ್ ಅಂದರೆ ಹಳ್ಳಿ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆಯುವ ವ್ಯವಸ್ಥೆ. ಅದಕ್ಕೆ ಬೇಕಾಗಿದ್ದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ನಂಬರ್, ಬೆರಳು. ಪಿನ್ ಇಲ್ಲ, ಒಟಿಪಿ ಇಲ್ಲ. ಕಾರ್ಡ್ ಬಳಸಲು ಬಾರದವರಿಗೆ ಇದು ನಿಜಕ್ಕೂ ಅನುಕೂಲ. ನಮ್ಮ ಅತ್ತೆ ಪಿಂಚಣಿ ತೆಗೆಯುವುದೇ ಹೀಗೆ. ಆದರೆ ಕ್ರಯಪತ್ರದಲ್ಲಿ ಏನಿರುತ್ತದೆ ನೋಡಿ. ಹೆಸರು, ವಿಳಾಸ, ಹೆಬ್ಬೆಟ್ಟಿನ ಗುರುತು, ಗುರುತಿಗೆಂದು ಕೊಟ್ಟ ಆಧಾರ್. ಅಂದರೆ ಬೀಗವೂ ಕೀಲಿಯೂ ಒಂದೇ ಕಟ್ಟಿನಲ್ಲಿ! ಸ್ಕ್ಯಾನ್ ಆದ ಗುರುತಿನಿಂದ ತೆಳುವಾದ ರಬ್ಬರ್ ಅಚ್ಚು ಮಾಡಿಕೊಂಡರೆ ಉಳಿದದ್ದು ಬ್ಯಾಂಕಿನ ಹೆಸರು ಮಾತ್ರ. ಅದನ್ನು ಒಂದೊಂದಾಗಿ ಹಾಕಿ ನೋಡಬಹುದು. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದವರಿಂದ ಇಂಥ ದೂರುಗಳು ಬಂದಿದ್ದು ನಿಮಗೆ ನೆನಪಿರಬಹುದು.

ಆಧಾರ್ ನಂಬರ್ ಗುಟ್ಟಿನ ಪಾಸ್‌ವರ್ಡ್ ಅಲ್ಲ. ಆದರೆ ಅದು ಎಲ್ಲ ಕಡೆ ಒಂದೇ, ಸಾಯುವವರೆಗೂ ಒಂದೇ. ಎಟಿಎಂ ಕಾರ್ಡ್ ಕಳೆದರೆ ಹೊಸದು ಬರುತ್ತದೆ, ಹೊಸ ನಂಬರ್ ಬರುತ್ತದೆ. ಇದು ಹಾಗಲ್ಲ. ಜಿಮ್‌ನಿಂದ ಸೋರಿದ ಪಟ್ಟಿಯನ್ನೂ ಲಾಡ್ಜ್‌ನಿಂದ ಸೋರಿದ ಪಟ್ಟಿಯನ್ನೂ ಹೊಲಿದು ಒಂದು ಮಾಡುವ ದಾರ ಅದೇ.

ಈಗ ಮಾಸ್ಕ್ಡ್ ಆಧಾರ್. ಅದರಲ್ಲಿ ಮೊದಲ ಎಂಟು ಅಂಕಿ ಇರುವುದಿಲ್ಲ, ಕೊನೆಯ ನಾಲ್ಕು ಮಾತ್ರ ಕಾಣುತ್ತದೆ. myaadhaar.uidai.gov.in ತೆರೆದು ಒಟಿಪಿ ಹಾಕಿ ಲಾಗಿನ್ ಆಗಿ. Download Aadhaar ಒತ್ತಿದಾಗ ಮಾಸ್ಕ್ಡ್ ಬೇಕೇ ಎಂದು ಕೇಳುವ ಚಿಕ್ಕ ಚೌಕ ಇದೆ, ಅದಕ್ಕೆ ಟಿಕ್ ಹಾಕಿ. ಬರುವ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡದಾಗಿ, ಆಮೇಲೆ ಹುಟ್ಟಿದ ವರ್ಷ. RAMA1975 ಅಂತ. ನನ್ನ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಸಿಕ್ಕಿಬೀಳುವುದು ಇಲ್ಲೇ.

ಕೆಲವರು ಜೆರಾಕ್ಸ್ ಮೇಲೆ ಮಾರ್ಕರ್‌ನಿಂದ ಎಂಟು ಅಂಕಿ ಹೊಡೆದುಹಾಕುತ್ತಾರೆ. ಜಾಣತನವೇ. ಆದರೆ ಹಳೇ ಕಾರ್ಡಿನ ಮೂಲೆಯ ಕ್ಯೂಆರ್ ಕೋಡ್ ಒಮ್ಮೆ ನೋಡಿ. ನನ್ನ 2013ರ ಕಾರ್ಡನ್ನು ಸುಮ್ನೆ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದೆ. uid= ಎಂದು ಬರೆದು ಮುಂದೆ ಹನ್ನೆರಡೂ ಅಂಕಿ ಬಂತು! ಮೇಲೆ ಮಸಿ ಬಳಿದು ಏನು ಬಂತು ಭಾಗ್ಯ? ಈಗಿನ ಪ್ರತಿಗಳ ದೊಡ್ಡ ಕ್ಯೂಆರ್‌ನಲ್ಲಿ ಪೂರ್ತಿ ನಂಬರ್ ಇಲ್ಲ, ಕೊನೆಯ ನಾಲ್ಕೇ ಇದೆ. ಹಾಗಾಗಿ ಹೊಸದಾಗಿ ಡೌನ್‌ಲೋಡ್ ಮಾಡಿ, ಹಳೇ ಕಾರ್ಡಿನ ಜೆರಾಕ್ಸ್ ಕೊಡಬೇಡಿ.

ಮಾಸ್ಕ್ ಮುಚ್ಚುವುದು ನಂಬರನ್ನು ಮಾತ್ರ. ಹೆಸರು, ಫೋಟೋ, ವಿಳಾಸ ಹಾಗೇ ಇರುತ್ತದೆ. ಪಟ್ಟಿಗಳನ್ನು ಹೊಲಿಯಬೇಕು ಎನ್ನುವವನಿಗೆ ನಿಮ್ಮ ಮೊಬೈಲ್ ನಂಬರ್ ಸಾಕು. ಆದರೆ ಎಇಪಿಎಸ್ ಯಂತ್ರಕ್ಕೆ ನಾಲ್ಕು ಅಂಕಿ ಸಾಲದು. ಮೇಷ್ಟ್ರು ಅಂದು ಮಾಸ್ಕ್ಡ್ ಪ್ರತಿ ಕೊಟ್ಟಿದ್ದು, ನಂಬರ್ ಬೇರೆಲ್ಲೂ ಸೋರದೆ ಇದ್ದಿದ್ದರೆ ಆ ಹೆಬ್ಬೆಟ್ಟಿನ ಅಚ್ಚು ಇಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ.

ವಿಐಡಿ ಬೇರೆ ಥರದ್ದು. 2018ರಲ್ಲಿ ಬಂತು. ಹದಿನಾರು ಅಂಕಿಯ ತಾತ್ಕಾಲಿಕ ನಂಬರ್, ಅದರಿಂದ ಆಧಾರ್ ನಂಬರ್ ಲೆಕ್ಕ ಹಾಕಿ ತೆಗೆಯಲು ಆಗುವುದಿಲ್ಲ. ನೋಂದಾಯಿಸಿದ ಮೊಬೈಲಿನಿಂದ 1947ಕ್ಕೆ ಹೀಗೆ ಎಸ್ಸೆಮ್ಮೆಸ್ ಕಳಿಸಬೇಕು, 1234 ಜಾಗದಲ್ಲಿ ನಿಮ್ಮ ಆಧಾರ್‌ನ ಕೊನೆಯ ನಾಲ್ಕು ಅಂಕಿ:

```
GVID 1234
```

ಹೊಸ ವಿಐಡಿ ಬಂದ ತಕ್ಷಣ ಹಳೆಯದು ಸತ್ತಂತೆ. ಒಟಿಪಿ ಅಥವಾ ಬೆರಳು ಕೇಳುವ ಕಡೆ ಆಧಾರ್ ಬದಲು ಇದನ್ನೇ ಕೊಡಬಹುದು. ಒಳಗಡೆ ಇನ್ನೊಂದು ಒಳ್ಳೆ ಏರ್ಪಾಡು ಮಾಡಿದ್ದಾರೆ: ಪರಿಶೀಲನೆ ಆದ ಮೇಲೆ ಸಂಸ್ಥೆಗೆ ಹೋಗುವುದು 72 ಅಕ್ಷರಗಳ ಟೋಕನ್, ಒಂದೊಂದು ಸಂಸ್ಥೆಗೆ ಒಂದೊಂದು. ಪೂರ್ತಿ ನಂಬರ್ ಇಟ್ಟುಕೊಳ್ಳಲು ಅನುಮತಿ ಇಲ್ಲದ ಎರಡು ಸಂಸ್ಥೆಗಳು ತಮ್ಮ ಪಟ್ಟಿ ಪಕ್ಕಪಕ್ಕ ಇಟ್ಟರೂ ಟೋಕನ್ನು ತಾಳೆ ಆಗುವುದಿಲ್ಲ. ಕಾಗದದ ಮೇಲೆ ಬಹಳ ಚೆನ್ನಾಗಿದೆ. ಆದರೆ ಇದೆಲ್ಲ ಯಂತ್ರದ ಮೂಲಕ ನಡೆಯುವ ಪರಿಶೀಲನೆಗೆ. ನಮ್ಮ ದೇಶ ನಡೆಯುವುದು ಜೆರಾಕ್ಸ್ ಮೇಲೆ ಅಲ್ವಾ? ಜಿಮ್ಮಿನ ಡ್ರಾಯರ್‌ನಲ್ಲಿ ಬಿದ್ದಿರುವ ಹಾಳೆಗೆ ಯಾವ ಟೋಕನ್ನೂ ಇಲ್ಲ.

ಎಲ್ಲ ಕಡೆ ಮಾಸ್ಕ್ಡ್ ನಡೆಯುವುದಿಲ್ಲ. ಪ್ಯಾನ್ ಜೋಡಣೆಗೆ, ಸಬ್ಸಿಡಿ ಬರುವ ಬ್ಯಾಂಕ್ ಖಾತೆಗೆ ಪೂರ್ತಿ ನಂಬರ್ ಬೇಕು, ಕೊಡಿ.

ಈಗಾಗಲೇ ಹಂಚಿರುವ ಜೆರಾಕ್ಸ್‌ಗಳನ್ನು ವಾಪಸ್ ತರಲು ಆಗದು. ಅದಕ್ಕೆ ಮದ್ದು ಬಯೋಮೆಟ್ರಿಕ್ ಲಾಕ್. ಅದೇ ವೆಬ್‌ಸೈಟಿನಲ್ಲಿ Lock / Unlock Biometrics ಇದೆ. ಲಾಕ್ ಮಾಡಿದರೆ ನಿಜವಾದ ಬೆರಳಿಟ್ಟರೂ ಯಂತ್ರ ಒಪ್ಪುವುದಿಲ್ಲ, ಒಟಿಪಿ ಮಾತ್ರ ಎಂದಿನಂತೆ ನಡೆಯುತ್ತದೆ. ಬೆರಳು ಬೇಕಾದಾಗ ಹತ್ತು ನಿಮಿಷಕ್ಕೆಂದು ತೆರೆದುಕೊಳ್ಳಬಹುದು. ಹೆಬ್ಬೆಟ್ಟು ಒತ್ತಿ ದುಡ್ಡು, ರೇಷನ್ ತೆಗೆಯುವ ಅಭ್ಯಾಸ ಇಲ್ಲದಿದ್ದರೆ ಇವತ್ತೇ ಲಾಕ್ ಮಾಡಿ. ಮನೆಯ ಹಿರಿಯರದ್ದನ್ನು ಕೇಳದೆ ಮಾಡಬೇಡಿ. ನಾನು ಅತ್ತೆಯದ್ದನ್ನು ಲಾಕ್ ಮಾಡಿ ಮರೆತಿದ್ದೆ. ರೇಷನ್ ಅಂಗಡಿಯಲ್ಲಿ ಒಂದು ಗಂಟೆ ಬೆರಳು ಒರೆಸಿ ಒರೆಸಿ ಒತ್ತಿ ಬರಿಗೈಲಿ ಬಂದರು, ಎರಡು ದಿನ ನನ್ನ ಜೊತೆ ಮಾತಿಲ್ಲ.

ಯಾರಾದರೂ ಬಳಸಿದ್ದಾರಾ ಎಂದು ತಿಳಿಯಲು Authentication History ತೆಗೆಯಿರಿ. ಹಿಂದಿನ ಆರು ತಿಂಗಳಲ್ಲಿ ಯಾವ ದಿನ, ಎಷ್ಟು ಗಂಟೆಗೆ, ಬೆರಳಿನಿಂದಲೋ ಒಟಿಪಿಯಿಂದಲೋ ಎಂಬುದು ಸಾಲಾಗಿ ಬರುತ್ತದೆ. ಮೇಷ್ಟ್ರದ್ದನ್ನು ತೆಗೆದಾಗ ಅವರು ಮನೆಯಲ್ಲಿ ಊಟ ಮಾಡುತ್ತಿದ್ದ ಹೊತ್ತಿಗೆ ಅವರ ಬೆರಳು ಎಲ್ಲೋ ದುಡ್ಡು ತೆಗೆದಿತ್ತು. ಅದನ್ನೇ ಪ್ರಿಂಟ್ ಮಾಡಿಕೊಟ್ಟೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, ಅದೇ ದಿನ ಬ್ಯಾಂಕಿಗೆ ಬರೆದುಕೊಡಿಸಿದೆ. ನಿಮ್ಮ ತಪ್ಪಿಲ್ಲದ ಇಂಥ ಕಳವನ್ನು ಬ್ಯಾಂಕಿನಿಂದ ಸುದ್ದಿ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ತಲೆಗೆ ಬರಬಾರದು ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಆದರೂ ದುಡ್ಡು ಬರಲು ನಾಲ್ಕು ತಿಂಗಳು ಓಡಾಡಿದರು.

ಇನ್ನು ಲಾಡ್ಜ್. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿತ್ತು: ಜೆರಾಕ್ಸ್ ಹಂಚಬೇಡಿ, ಮಾಸ್ಕ್ಡ್ ಕೊಡಿ, ಪರವಾನಗಿ ಇಲ್ಲದ ಹೋಟೆಲ್‌ನವರು ಪ್ರತಿ ಇಟ್ಟುಕೊಳ್ಳುವಂತಿಲ್ಲ ಎಂದು. ಜನ ಗಾಬರಿಯಾದರು, ಎರಡೇ ದಿನದಲ್ಲಿ ಅದು ವಾಪಸ್ ಆಯಿತು. ನನ್ನ ಪ್ರಕಾರ ಅದರಲ್ಲಿದ್ದ ಸಲಹೆ ಸರಿಯಾಗಿಯೇ ಇತ್ತು. ಹೋದ ತಿಂಗಳು ಒಂದು ಲಾಡ್ಜ್‌ನಲ್ಲಿ ಮಾಸ್ಕ್ಡ್ ಪ್ರತಿ ಕೊಟ್ಟೆ. ರಿಸೆಪ್ಷನ್ ಹುಡುಗ, "ಸಾರ್, ಇದ್ರಲ್ಲಿ ನಂಬರ್ ಅರ್ಧ ಪ್ರಿಂಟ್ ಆಗಿಲ್ಲ" ಎಂದ. ವಾದ ಮಾಡದೆ ಡ್ರೈವಿಂಗ್ ಲೈಸೆನ್ಸ್ ಕೊಟ್ಟೆ. ಆ ನಂಬರಿಗೆ ಯಾವ ಹೆಬ್ಬೆಟ್ಟು ಯಂತ್ರವೂ ದುಡ್ಡು ಕೊಡುವುದಿಲ್ಲವಲ್ಲ.