ನಿಲ್ಲಿಸಿದ ಸರ್ವರ್‌ಗೂ ಬಿಲ್ ಬಂದಿತು

ಕ್ಲೌಡ್ ಕೆಲಸದ ಸಂದರ್ಶನದಲ್ಲಿ ಸೋತು ನನ್ನ ಬಳಿ ಬರುವ ಹೊಸ ಪದವೀಧರರಲ್ಲಿ ಹೆಚ್ಚಿನವರು ಓದದೆ ಸೋತವರಲ್ಲ. ಓದಿದ್ದನ್ನು ಓದಿದ ಹಾಗೆಯೇ ಒಪ್ಪಿಸಿ ಸೋತವರು. ಮಂಗಳೂರಿನಲ್ಲಿ ನಾನು ಆಪ್ತಸಲಹೆ ನೀಡುವ ಕೊಠಡಿಗೆ ಇದೇ ತೊಂದರೆ ಮತ್ತೆ ಮತ್ತೆ ಬರುತ್ತಿರುವುದರಿಂದ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಈಕೆ ಮಲ್ಪೆ ಕಡೆಯವಳು, ಎಂಜಿನಿಯರಿಂಗ್ ಮುಗಿಸಿದ್ದಳು. ತಂದೆಗೆ ಮೀನುಗಾರಿಕೆಯ ಬೋಟಿನಲ್ಲಿ ಪಾಲು ಇತ್ತು. ನಾಲ್ಕು ಸಂದರ್ಶನಗಳಲ್ಲಿ ಮೊದಲ ಸುತ್ತಿನಲ್ಲೇ ಹೊರಬಿದ್ದಿದ್ದಳು. ಮೊದಲ ಭೇಟಿಯಲ್ಲಿ ನಾನು “ಕ್ಲೌಡ್ ಎಂದರೇನು?” ಎಂದು ಕೇಳಿದಾಗ ಐದು ಲಕ್ಷಣಗಳನ್ನು ಉಸಿರು ಬಿಡದೆ ಹೇಳಿದಳು. ಒಂದೂ ತಪ್ಪಿರಲಿಲ್ಲ. “ಇದರಲ್ಲಿ ಯಾವುದನ್ನು ನೀವು ಕಣ್ಣಾರೆ ಕಂಡಿದ್ದೀರಿ?” ಎಂದಾಗ ಮಾತು ನಿಂತಿತು.

ಎರಡನೆಯ ಭೇಟಿಯಲ್ಲಿ ವಿಷಯ ಹೊರಬಿತ್ತು. ಕಾಲೇಜಿನ ಪ್ರಾಜೆಕ್ಟ್‌ಗಾಗಿ ಆಕೆ ಒಂದು ಸರ್ವರ್ ಬಾಡಿಗೆಗೆ ಪಡೆದಿದ್ದಳು. ಪ್ರಾಜೆಕ್ಟ್ ಮುಗಿದ ಮೇಲೆ ಅದನ್ನು ನಿಲ್ಲಿಸಿದ್ದಳು. ಆದರೂ ಎರಡು ತಿಂಗಳಿಗೆ ಸುಮಾರು 1,200 ರೂಪಾಯಿ ತಂದೆಯ ಕಾರ್ಡಿನಿಂದ ಹೋಗಿತ್ತು. ಮನೆಯಲ್ಲಿ ಬೈಗುಳವಾಗಿತ್ತು. ಆ ನಾಚಿಕೆಯಲ್ಲಿ ಪ್ರಾಜೆಕ್ಟನ್ನೇ ರೆಸ್ಯೂಮೆಯಿಂದ ತೆಗೆದುಹಾಕಿದ್ದಳು.

ಬಿಲ್ ಇದೆಯೇ ಎಂದು ಕೇಳಿದೆ. ಮೊಬೈಲಿನಲ್ಲಿ ತೆರೆದು ಮೇಜಿನ ಮೇಲಿಟ್ಟಳು. ಅದರಲ್ಲಿ ಸರ್ವರ್ ಓಡಿದ ಗಂಟೆಗಳ ಸಾಲಿನಲ್ಲಿ ಸೊನ್ನೆ ಇತ್ತು. ಅದರ ಕೆಳಗೆ 30 ಜಿಬಿ ಡಿಸ್ಕ್‌ನ ಬಾಡಿಗೆ ಇತ್ತು. ಇನ್ನೂ ಕೆಳಗೆ, ಆಕೆ ಕಾದಿರಿಸಿಕೊಂಡಿದ್ದ ಸಾರ್ವಜನಿಕ ಐಪಿ ವಿಳಾಸಕ್ಕೆ ಗಂಟೆಗೆ 0.005 ಡಾಲರ್. ತಿಂಗಳಿಗೆ ಸುಮಾರು 730 ಗಂಟೆ ಎಂದು ಹಿಡಿದು ಗುಣಿಸಿದೆವು: 3.65 ಡಾಲರ್. ಡಿಸ್ಕ್‌ಗಿಂತ ವಿಳಾಸಕ್ಕೇ ಹೆಚ್ಚು ಹೋಗಿತ್ತು. ಆಕೆ ಆ ಸಾಲನ್ನು ಅಲ್ಲಿಯವರೆಗೆ ಓದಿರಲೇ ಇಲ್ಲ, ಕೊನೆಯ ಮೊತ್ತವನ್ನು ಮಾತ್ರ ನೋಡಿದ್ದಳು.

ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಳೆಗಾಲದಲ್ಲಿ ಬೋಟು ದಡಕ್ಕೆ ಬಂದ ಹಾಗೆ ಮೇಡಂ” ಎಂದಳು. “ಜೂನ್, ಜುಲೈಯಲ್ಲಿ ಕಡಲಿಗಿಳಿಯುವ ಹಾಗಿಲ್ಲ. ಡೀಸೆಲ್ ಖರ್ಚು ಇಲ್ಲ. ಆದರೆ ಬೋಟಿನ ಸಾಲದ ಕಂತು, ಕಾವಲಿನವನ ಸಂಬಳ ನಿಲ್ಲುವುದಿಲ್ಲ.”

ಆ ಮಾತಿನ ನಂತರ ಆಕೆಗೆ ಹೊಸದಾಗಿ ಏನನ್ನೂ ಕಲಿಸಬೇಕಾಗಲಿಲ್ಲ. ನಾನು ಕೊಟ್ಟ ಸಲಹೆ ಇಷ್ಟು: ಪ್ರಾಜೆಕ್ಟನ್ನು ರೆಸ್ಯೂಮೆಗೆ ಮರಳಿ ಸೇರಿಸಿ, ಬಿಲ್ ಬಂದದ್ದನ್ನು ಮುಚ್ಚಿಡಬೇಡಿ, ಮೂಲಭೂತ ಪ್ರಶ್ನೆ ಯಾವುದೇ ಬರಲಿ, ಆ ಒಂದು ಸರ್ವರ್‌ನಿಂದಲೇ ಉತ್ತರ ಆರಂಭಿಸಿ.

ಸಂದರ್ಶನದಲ್ಲಿ ತಪ್ಪನ್ನು ಹೇಳಿಸುವುದು ಸರಿಯಲ್ಲ ಎಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಹೊಸಬರ ಬಳಿ ಅನುಭವವಿಲ್ಲ ಎಂಬುದು ಕೇಳುವವರಿಗೆ ಮೊದಲೇ ಗೊತ್ತು. ತನ್ನ ಬಿಲ್ಲಿನ ಪ್ರತಿ ಸಾಲಿಗೂ ಕಾರಣ ಹೇಳಬಲ್ಲವಳ ಬಳಿ ಅನುಭವವಿದೆ. ಕಾರಣ ಹೇಳಲು ಬಾರದ ತಪ್ಪನ್ನು ಮಾತ್ರ ಎತ್ತಬಾರದು. ಬೋಟಿನ ಹೋಲಿಕೆಯನ್ನೂ ಮೊದಲು ಹೇಳಬೇಡಿ ಎಂದೆ. ಯಂತ್ರದಲ್ಲಿ ನಡೆದದ್ದನ್ನು ಮೊದಲು ಹೇಳಬೇಕು, ಹೋಲಿಕೆ ಬೇಕಿದ್ದರೆ ಆಮೇಲೆ.

ಮುಂದಿನ ಎರಡು ಭೇಟಿಗಳಲ್ಲಿ ನಾಲ್ಕು ಪ್ರಶ್ನೆಗಳಿಗೆ ಆಕೆಯ ಮಾತಿನಲ್ಲೇ ಉತ್ತರ ಕಟ್ಟಿದೆವು. ಕ್ಲೌಡ್ ಎಂದರೇನು ಎಂಬುದಕ್ಕೆ ಹೀಗೆ: “ಬೇರೆಯವರ ಡೇಟಾ ಸೆಂಟರಿನಲ್ಲಿರುವ ಕಂಪ್ಯೂಟರ್, ಡಿಸ್ಕ್, ನೆಟ್‌ವರ್ಕ್‌ಗಳನ್ನು ಇಂಟರ್‌ನೆಟ್ ಮೂಲಕ ಬೇಕಾದಾಗ ನಾವೇ ಪಡೆದು, ಬಳಸಿದಷ್ಟಕ್ಕೆ ಹಣ ಕೊಡುವುದು. ನಾನು ಯಾರನ್ನೂ ಕೇಳದೆ ಕೆಲವು ನಿಮಿಷಗಳಲ್ಲಿ ಸರ್ವರ್ ಪಡೆದೆ. ಬೇಡವಾದಾಗ ಬಿಟ್ಟುಕೊಡಬಹುದಿತ್ತು.”

ಸರ್ವರ್ ನಿಲ್ಲಿಸಿದರೆ ಬಿಲ್ ನಿಲ್ಲುತ್ತದೆಯೇ? “ಪೂರ್ತಿ ನಿಲ್ಲುವುದಿಲ್ಲ. ಪ್ರೊಸೆಸರ್ ಮತ್ತು ಮೆಮೊರಿಯ ಬಾಡಿಗೆ ನಿಲ್ಲುತ್ತದೆ, ಏಕೆಂದರೆ ಕಂಪನಿ ಅವನ್ನು ಇನ್ನೊಬ್ಬರಿಗೆ ಕೊಡಬಹುದು. ಆದರೆ ನನ್ನ ಡೇಟಾ ಡಿಸ್ಕ್‌ನಲ್ಲಿ ಉಳಿದಿರುತ್ತದೆ, ಆ ಜಾಗವನ್ನು ಬೇರೆಯವರಿಗೆ ಕೊಡಲಾಗದು. ಕಾದಿರಿಸಿದ ವಿಳಾಸವೂ ಹಾಗೆಯೇ. ಇವನ್ನು ಬೇರೆಬೇರೆಯಾಗಿ ಅಳಿಸಬೇಕು, ಬಿಡುಗಡೆ ಮಾಡಬೇಕು. ಈಗ ನಾನು ಮೊದಲ ದಿನವೇ ಬಜೆಟ್ ಎಚ್ಚರಿಕೆ ಇಡುತ್ತೇನೆ. ಅದು ಇಮೇಲ್ ಕಳಿಸುತ್ತದೆಯೇ ಹೊರತು ತಾನಾಗಿ ಖರ್ಚು ತಡೆಯುವುದಿಲ್ಲ ಎಂಬುದೂ ಗೊತ್ತು.”

ರೀಜನ್ ಮತ್ತು ಅವೈಲಬಿಲಿಟಿ ಝೋನ್ ವ್ಯತ್ಯಾಸವನ್ನು ತಪ್ಪದೆ ಕೇಳುತ್ತಾರೆ. ರೀಜನ್ ಎಂದರೆ ಒಂದು ಭೌಗೋಳಿಕ ಪ್ರದೇಶ. ಅಮೆಜಾನ್ ತನ್ನ ಮುಂಬೈ ರೀಜನ್ ಅನ್ನು 2016ರಲ್ಲಿ, ಹೈದರಾಬಾದಿನದನ್ನು 2022ರಲ್ಲಿ ತೆರೆಯಿತು. ಝೋನ್ ಎಂದರೆ ಆ ಪ್ರದೇಶದೊಳಗೆ ತನ್ನದೇ ವಿದ್ಯುತ್, ತನ್ನದೇ ತಂಪು ವ್ಯವಸ್ಥೆ ಇರುವ ಒಂದು ಅಥವಾ ಹೆಚ್ಚು ಡೇಟಾ ಸೆಂಟರ್. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆಕೆ ಸೇರಿಸಿದ್ದು: “ನನ್ನ ಸರ್ವರ್ ಒಂದೇ ಝೋನ್‌ನಲ್ಲಿತ್ತು. ಅಲ್ಲಿ ವಿದ್ಯುತ್ ಹೋಗಿದ್ದರೆ ನನ್ನ ಸೈಟೂ ಹೋಗುತ್ತಿತ್ತು. ಕ್ಲೌಡ್‌ನಲ್ಲಿ ಇಟ್ಟ ಮಾತ್ರಕ್ಕೆ ಅದು ಉಳಿಯುವುದಿಲ್ಲ. ಎರಡು ಝೋನ್‌ಗಳಲ್ಲಿ ಒಂದೊಂದು ಸರ್ವರ್ ಇಟ್ಟು, ಬರುವ ಕೋರಿಕೆಗಳನ್ನು ಅವೆರಡಕ್ಕೂ ಹಂಚುವ ಲೋಡ್ ಬ್ಯಾಲೆನ್ಸರ್ ಅನ್ನು ಮುಂದೆ ಹಾಕಬೇಕು. ಸರ್ವರ್‌ಗಳ ಖರ್ಚೇ ಇಮ್ಮಡಿಯಾಗುತ್ತದೆ, ಕಾಲೇಜು ಪ್ರಾಜೆಕ್ಟ್‌ಗೆ ಅದು ಬೇಡವಾಗಿತ್ತು.”

ನಾಲ್ಕನೆಯದು, ಭದ್ರತೆ ಯಾರ ಹೊಣೆ ಎಂಬ ಪ್ರಶ್ನೆ. ಇಲ್ಲಿ ಆಕೆಯ ಇನ್ನೊಂದು ತಪ್ಪು ಸಿಕ್ಕಿತು. ಸರ್ವರ್‌ಗೆ ಲಾಗಿನ್ ಆಗುವ 22ನೆಯ ಪೋರ್ಟನ್ನು `0.0.0.0/0` ಎಂದು ಬರೆದು ಜಗತ್ತಿಗೇ ತೆರೆದಿಟ್ಟಿದ್ದಳು. “ಕಟ್ಟಡ, ಯಂತ್ರ, ಒಳಗಿನ ನೆಟ್‌ವರ್ಕ್ ಕಂಪನಿಯ ಹೊಣೆ. ಬಾಡಿಗೆಗೆ ಪಡೆದದ್ದು ಬರಿಯ ಸರ್ವರ್ ಆದರೆ ಆಪರೇಟಿಂಗ್ ಸಿಸ್ಟಮ್ ನವೀಕರಣವೂ, ಯಾವ ಪೋರ್ಟ್ ಯಾರಿಗೆ ತೆರೆಯಬೇಕೆಂಬುದೂ ನನ್ನದು. ಇಮೇಲ್‌ನಂಥ ಸಿದ್ಧ ಸೇವೆಯಾದರೆ ಅವು ಕಂಪನಿಗೆ ಹೋಗುತ್ತವೆ. ನನ್ನ ಡೇಟಾ ಮತ್ತು ಅದನ್ನು ಯಾರು ನೋಡಬಹುದು ಎಂಬುದು ಎರಡರಲ್ಲೂ ನನಗೇ ಉಳಿಯುತ್ತದೆ. ನಾನು 22 ಅನ್ನು ನನ್ನ ಮನೆಯ ಐಪಿ ವಿಳಾಸಕ್ಕೆ ಮಾತ್ರ ತೆರೆಯಬೇಕಿತ್ತು.” ಬರಿಯ ಸರ್ವರ್ ಬಾಡಿಗೆಗೆ ಐಎಎಎಸ್, ಸಿದ್ಧ ಸೇವೆಗೆ ಎಸ್‌ಎಎಎಸ್ ಎಂಬ ಹೆಸರುಗಳ ವ್ಯತ್ಯಾಸ ಈ ಉತ್ತರದೊಳಗೇ ಬಂದುಹೋಗುತ್ತದೆ. ಪ್ರತ್ಯೇಕವಾಗಿ ಬಾಯಿಪಾಠ ಬೇಕಿಲ್ಲ.

ಐದನೆಯ ಸಂದರ್ಶನ ಮುಗಿಸಿದ ಸಂಜೆಯೇ ಆಕೆ ಫೋನ್ ಮಾಡಿದಳು. ಎರಡನೆಯ ಸುತ್ತಿಗೆ ಕರೆದಿದ್ದರು. ಬಿಲ್ಲಿನ ವಿಷಯ ಹೇಳಿದಾಗ ಕೇಳುವವರು ಮುಂದಕ್ಕೆ ಬಾಗಿ, “ಡಿಸ್ಕ್ ಅಳಿಸಿದರೆ ಡೇಟಾ ಹೋಗುವುದಿಲ್ಲವೇ?” ಎಂದರಂತೆ.

“ಮೊದಲು ಡಿಸ್ಕ್‌ನ ಪ್ರತಿಯನ್ನು, ಅಂದರೆ ಸ್ನ್ಯಾಪ್‌ಶಾಟ್ ತೆಗೆದೆ ಎಂದೆ ಮೇಡಂ. ಅದಕ್ಕೂ ಬಾಡಿಗೆ ಇದೆ, ಆದರೆ ನನ್ನ 30 ಜಿಬಿಯಲ್ಲಿ ತುಂಬಿದ್ದು 4 ಜಿಬಿ ಮಾತ್ರ, ಅಷ್ಟಕ್ಕೇ ಲೆಕ್ಕ ಎಂದೂ ಹೇಳಿದೆ.”