ಅಡಿಕೆ ರೇಟು: ಆ ಎರಡು ಸಾವಿರದ ಲೆಕ್ಕ

ಪ್ರಶ್ನೆ: "ರಾಶಿ ಇಡಿ ಕ್ವಿಂಟಾಲ್‌ಗೆ 50,000 ಇತ್ತು. 20 ಪರ್ಸೆಂಟ್ ಬಿತ್ತು. ಈಗ 20 ಪರ್ಸೆಂಟ್ ಎದ್ದಿದೆ ಅಂತ ಪೇಪರ್‌ನಲ್ಲಿದೆ. ಮಂಡಿಯಲ್ಲಿ ಕೇಳಿದ್ರೆ 48,000 ಅಂತಾರೆ. ಉಳಿದ 2,000 ಯಾರು ತಿಂದ್ರು? ನನ್ನ ಹತ್ರ 20 ಕ್ವಿಂಟಾಲ್ ಇದೆ."

ಅಣ್ಣಾ, ಯಾರೂ ತಿಂದಿಲ್ಲ. ಈ ಒಂದು ವಿಷಯದಲ್ಲಿ ಮಂಡಿಯವರು ಹೇಳಿದ್ದು ಸರಿ.

ಬೀಳುವಾಗ 20 ಪರ್ಸೆಂಟನ್ನು 50,000ದ ಮೇಲೆ ಹಾಕಿದ್ದಾರೆ. ಅದು 10,000 ಆಯ್ತು, ರೇಟು 40,000ಕ್ಕೆ ಬಂತು. ಏಳುವಾಗ ಅದೇ 20 ಪರ್ಸೆಂಟನ್ನು ಹಾಕಿದ್ದು 40,000ದ ಮೇಲೆ. ಅದು ಬರೀ 8,000. ಬಿದ್ದಿದ್ದು ಹತ್ತು, ಎದ್ದಿದ್ದು ಎಂಟು, ನಿಮ್ಮ ಎರಡು ಸಾವಿರ ಅಲ್ಲೇ ಇದೆ. 40,000 ಮತ್ತೆ 50,000 ಆಗಬೇಕಾದ್ರೆ ಹತ್ತು ಸಾವಿರ ಏರಬೇಕು. ಹತ್ತು ಸಾವಿರ ಅಂದ್ರೆ 40,000ದಲ್ಲಿ ಕಾಲು ಭಾಗ, 25 ಪರ್ಸೆಂಟ್.

ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ನೀವೇ ಒತ್ತಿ ನೋಡಿ:

```
50000 × 0.8 × 1.2  = 48000
50000 × 0.8 × 1.25 = 50000
```

20 ಬಿದ್ರೆ 0.8ರಿಂದ ಗುಣಿಸುವುದು, 20 ಎದ್ರೆ 1.2ರಿಂದ ಗುಣಿಸುವುದು. ಪರ್ಸೆಂಟ್‌ಗಳನ್ನು ಒಂದಕ್ಕೊಂದು ಕೂಡಿಸಿ ಕಳೆಯಲು ಹೋದಾಗಲೇ ಲೆಕ್ಕ ತಪ್ಪುವುದು.

ಮೇಲೆ ಕಾಮೆಂಟ್‌ನಲ್ಲಿ ಚನ್ನಗಿರಿಯ ಅಣ್ಣ ಬರೆದಿದ್ದು ಅರ್ಧ ಸರಿ ಇದೆ. "ಮೊದಲು ಬಿದ್ದಿದ್ದಕ್ಕೆ ಹೀಗಾಯ್ತು, ಮೊದಲು ಎದ್ದು ಆಮೇಲೆ ಬಿದ್ದಿದ್ರೆ ಲಾಭ ಆಗ್ತಿತ್ತು" ಅಂದಿದ್ದಾರೆ. ಯಾವುದರ ಮೇಲೆ ಲೆಕ್ಕ ಹಾಕ್ತಾರೆ ಅನ್ನೋದೇ ಮುಖ್ಯ ಅಂತ ಅವರು ಹಿಡಿದಿದ್ದು ಸರಿ. ಆದ್ರೆ ಲಾಭದ ಮಾತು ಸರಿಯಲ್ಲ. 50,000 ಮೊದಲು ಏರಿ 60,000 ಆಗಲಿ. ಈಗ 20 ಪರ್ಸೆಂಟ್ ಬಿದ್ರೆ 60,000ದ ಮೇಲೆ 12,000 ಹೋಗುತ್ತೆ. ಮತ್ತೆ ಅದೇ 48,000. ಯಾವುದು ಮೊದಲು ಬಂದರೂ 100ಕ್ಕೆ 96 ಉಳಿಯುವುದು. ದಾರಿಯಲ್ಲಿ ಮಾತ್ರ ವ್ಯತ್ಯಾಸ ಇದೆ: ಮೊದಲು ಏರಿದ್ರೆ 60,000ಕ್ಕೆ ಮಾರಲು ಒಂದು ಅವಕಾಶ ಇರ್ತಿತ್ತು. ಅವರ ಮನಸ್ಸಿನಲ್ಲಿ ಬಹುಶಃ ಅದೇ ಇತ್ತು.

ಈ 4 ಪರ್ಸೆಂಟ್ ಒಂದು ಸಲಕ್ಕೆ ಚಿಕ್ಕದಾಗಿ ಕಾಣುತ್ತೆ. ಹೀಗೆ ಬಿದ್ದು ಏಳುವುದು ಐದು ಸುತ್ತು ಆಯ್ತು ಅಂತಿಟ್ಟುಕೊಳ್ಳಿ. ಪ್ರತಿ ಸಲವೂ ಪೇಪರ್‌ನಲ್ಲಿ "20 ಇಳಿಕೆ, 20 ಚೇತರಿಕೆ" ಅಂತಲೇ ಬರುತ್ತೆ. ಆದ್ರೆ 50,000 ಹೋಗಿ 40,800ರ ಹತ್ರ ನಿಂತಿರುತ್ತೆ.

ಎಷ್ಟು ಬಿದ್ರೆ ಎಷ್ಟು ಏಳಬೇಕು ಅಂತ ಬಾಯಿಲೆಕ್ಕದಲ್ಲೇ ಹೇಳಬಹುದು. ಪರ್ಸೆಂಟ್ ಬಿಟ್ಟು ಪಾಲಿನಲ್ಲಿ ಯೋಚನೆ ಮಾಡಿ. ಐದರಲ್ಲಿ ಒಂದು ಪಾಲು ಹೋದ್ರೆ ಉಳಿದಿದ್ದು ನಾಲ್ಕು ಪಾಲು, ಹಾಗಾಗಿ ವಾಪಸ್ ಬರಲು ಉಳಿದಿದ್ದರ ನಾಲ್ಕನೇ ಒಂದು ಭಾಗ ಬೇಕು. ನಾಲ್ಕರಲ್ಲಿ ಒಂದು ಹೋದ್ರೆ ಮೂರನೇ ಒಂದು ಬೇಕು. ಮೂರರಲ್ಲಿ ಒಂದು ಹೋದ್ರೆ ಅರ್ಧ ಬೇಕು. ಅರ್ಧವೇ ಹೋದ್ರೆ ಉಳಿದಿದ್ದು ಎರಡರಷ್ಟು ಆಗಬೇಕು. ಬಿದ್ದಷ್ಟೂ ಏಳುವ ಕೆಲಸ ಭಾರ. ಹತ್ತು ಪರ್ಸೆಂಟ್ ಬಿದ್ದಾಗ ಹನ್ನೊಂದು ಚಿಲ್ಲರೆ ಸಾಕು, ಅದಕ್ಕೇ ಸಣ್ಣ ಏರಿಳಿತದಲ್ಲಿ ಯಾರಿಗೂ ಇದು ಗೊತ್ತಾಗುವುದಿಲ್ಲ.

ಇನ್ನು ನಿಮ್ಮ 20 ಕ್ವಿಂಟಾಲ್. 10 ಲಕ್ಷ ಇದ್ದಿದ್ದು 8 ಲಕ್ಷ ಆಗಿ ಈಗ 9 ಲಕ್ಷ 60 ಸಾವಿರ. ಆದ್ರೆ ಚೀಲದಲ್ಲಿದ್ದ ಅಡಿಕೆ ಇಷ್ಟು ದಿನದಲ್ಲಿ ಇನ್ನೂ ಸ್ವಲ್ಪ ಒಣಗಿರುತ್ತೆ ಅಲ್ವಾ? ಎರಡು ಪರ್ಸೆಂಟ್ ತೂಕ ಇಳಿದಿದೆ ಅಂತಿಟ್ಟುಕೊಳ್ಳೋಣ. ಕೂಡಿಸಿ ಕಳೆಯುವವರು "20 ಹೋಯ್ತು, 20 ಬಂತು, 2 ಹೋಯ್ತು, ಒಟ್ಟು 2 ನಷ್ಟ" ಅಂತಾರೆ. ಗುಣಿಸಿ ನೋಡಿ:

```
1000000 × 0.8 × 1.2 × 0.98 = 940800
```

ನಷ್ಟ ಸುಮಾರು 6 ಪರ್ಸೆಂಟ್. 20 ಸಾವಿರ ಅಂದುಕೊಂಡಿದ್ದು 59 ಸಾವಿರ ಆಯ್ತು. ಅದಕ್ಕೇ ಮಾರುವ ಮೊದಲು ಒಂದು ಚೀಲ ಮತ್ತೆ ತೂಗಿಸಿ, ಚೀಲ ಕಟ್ಟಿದ ದಿನದ ತೂಕದ ಮೇಲೆ ಲೆಕ್ಕ ಹಾಕಬೇಡಿ.

ಇಲ್ಲಿ ಇನ್ನೊಂದು ಅನುಮಾನ ನನಗಿದೆ. ನಿಮ್ಮ ಲೆಕ್ಕ ಇಷ್ಟು ನೀಟಾಗಿ 48,000ಕ್ಕೆ ಬಂದಿದ್ದು ಅದೃಷ್ಟ. ಸಾಮಾನ್ಯವಾಗಿ ಹಾಗೆ ಬರುವುದಿಲ್ಲ. ಎಪಿಎಂಸಿ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ರೇಟು ಇರುತ್ತೆ. ಹೋದ ತಿಂಗಳ ಮಾದರಿಯನ್ನು ಈ ತಿಂಗಳ ಗರಿಷ್ಠದ ಜೊತೆ ಇಟ್ಟು "ಭಾರಿ ಏರಿಕೆ" ಅಂತ ವಾಟ್ಸಾಪ್‌ನಲ್ಲಿ ಹಾಕುವವರು ಬೇಕಾದಷ್ಟು ಜನ. ಹಾಗೆ ನೋಡಿದ್ರೆ ರೇಟು ಒಂದು ರೂಪಾಯಿ ಏರದಿದ್ರೂ ಏರಿದ ಹಾಗೆ ಕಾಣುತ್ತೆ. ಪರ್ಸೆಂಟ್ ಕಂಡ ಕೂಡಲೇ ಎರಡೂ ಕಡೆಯ ರೂಪಾಯಿ ಕೇಳಿ: ಯಾವ ದಿನ, ಯಾವ ಮಾರುಕಟ್ಟೆ, ಯಾವ ಬಗೆ. ರಾಶಿಯನ್ನು ಬೆಟ್ಟೆಯ ಜೊತೆ ಹೋಲಿಸಿದ್ರೆ ಲೆಕ್ಕವೇ ಅಲ್ಲ.

ರಾಣೆಬೆನ್ನೂರಿನ ಅಕ್ಕ ಗೋವಿನಜೋಳದ ತೇವದ ವಿಷಯ ತೆಗೆದಿದ್ದಾರೆ. ಇದು ಬೇರೆ ಪ್ರಶ್ನೆ ಅಂತ ಕೆಲವರು ಅಂದ್ರು. ನನಗೆ ಹಾಗನ್ನಿಸಲ್ಲ, ಇಲ್ಲೂ ಕೈ ಕೊಡುವುದು ಅದೇ. ಅವರ ಮಾಲಿನಲ್ಲಿ ತೇವ 20 ಪರ್ಸೆಂಟ್. ವ್ಯಾಪಾರಿಗೆ 14 ಬೇಕು. ಕ್ವಿಂಟಾಲ್‌ಗೆ 6 ಕೆಜಿ ಕಡಿತ ಹಾಕಿದ್ದಾನೆ. "ನಾನೇ ಒಣಗಿಸಿ ಕೊಟ್ಟಿದ್ರೆ 94 ಕೆಜಿ ಸಿಗ್ತಿತ್ತು, ಲೆಕ್ಕ ಸರಿ ಇದೆಯಾ" ಅಂತ ಕೇಳಿದ್ದಾರೆ.

ಅಕ್ಕಾ, 94 ಸಿಗ್ತಿರಲಿಲ್ಲ, 93 ಸಿಗ್ತಿತ್ತು. 100 ಕೆಜಿಯಲ್ಲಿ ನೀರು 20, ಒಣ ಕಾಳು 80. ಒಣಗಿಸಿದ್ರೂ ಆ 80 ಹಾಗೇ ಇರುತ್ತೆ. ತೇವ 14 ಆದ್ಮೇಲೆ ಆ 80 ಕೆಜಿ ಒಟ್ಟು ತೂಕದಲ್ಲಿ 86 ಪರ್ಸೆಂಟ್ ಆಗಬೇಕು. 80ನ್ನು 0.86ರಿಂದ ಭಾಗಿಸಿದ್ರೆ 93 ಬರುತ್ತೆ. ಮೊದಲ 20 ಅಂದಿದ್ದು 100 ಕೆಜಿಯ ಮೇಲೆ, ಆಮೇಲಿನ 14 ಅಂದಿದ್ದು 93 ಕೆಜಿಯ ಮೇಲೆ. 20ರಲ್ಲಿ 14 ಕಳೆದು 6 ಅನ್ನುವುದು ನಡೆಯಲ್ಲ. ನಿಜವಾದ ಇಳಿಕೆ 7 ಕೆಜಿ. ಆ 93 ವಾಪಸ್ 100 ಆಗಬೇಕಾದ್ರೆ 7 ಪರ್ಸೆಂಟ್ ಸಾಲದು, 7.5 ಬೇಕು.

ಅಂದ್ರೆ ತೇವದ ಒಂದು ಪಾಯಿಂಟಿಗೆ ಒಂದು ಕೆಜಿ ಕಡಿತ ಹಾಕುವವನ ಜೊತೆ ತೂಕದ ಮಟ್ಟಿಗೆ ಜಗಳ ಬೇಡ. ನಿಜವಾದ ಲೆಕ್ಕ ಪಾಯಿಂಟಿಗೆ 1.16 ಕೆಜಿ. ಒಂದೂವರೆ, ಎರಡು ಕೆಜಿ ಅಂದ್ರೆ ಮಾತ್ರ ಕೇಳಿ. ಒಣಗಿಸುವ ಕೂಲಿಯನ್ನೂ ಅದರೊಳಗೇ ಸೇರಿಸಿದ್ದೀನಿ ಅಂತ ಅವನು ಹೇಳಬಹುದು. ಹಾಗಿದ್ರೆ ಅದನ್ನು ಬೇರೆ ಬರೆಯಲಿ.

ಶಿರಾ ಅಣ್ಣನ ಕುರಿಗೆ ಬರ್ತೀನಿ. 50ರಲ್ಲಿ 10 ರೋಗಕ್ಕೆ ಸತ್ತವು, "ಈ ವರ್ಷ 20 ಪರ್ಸೆಂಟ್ ಮರಿ ಆದ್ರೆ ಸಮ ಆಗುತ್ತಾ" ಅಂತ ಕೇಳಿದ್ದಾರೆ. ತಲೆ ಎಣಿಸಿದ್ರೆ ಆಗಲ್ಲ. 40ರ ಮೇಲೆ 20 ಅಂದ್ರೆ 8, ಒಟ್ಟು 48. ಆದ್ರೆ ಕುರಿಗೆ ಅಡಿಕೆ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಟಗರು ಮರಿ ಹಾಕಲ್ಲ. ಸತ್ತಿದ್ದರಲ್ಲಿ ಹೆಣ್ಣು ಎಷ್ಟು ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಹತ್ತೂ ಟಗರು ಅಥವಾ ಮುದಿ ಕುರಿ ಆಗಿದ್ರೆ ಬೇಗ ಸಮ ಆಗಬಹುದು. ಹತ್ತೂ ಪ್ರಾಯದ ಹೆಣ್ಣಾಗಿದ್ರೆ ಲೇಟಾಗುತ್ತೆ. ಮತ್ತೆ ಎಂಟು ಮರಿ ಎಂಟು ದೊಡ್ಡ ಕುರಿಗೆ ಸಮ ಅಲ್ಲ, ಅದು ನಿಮಗೇ ನನಗಿಂತ ಚೆನ್ನಾಗಿ ಗೊತ್ತು. ನೀವು ಕೇಳಿದ ವಿಮೆ ವಿಷಯ ಈ ಪ್ರಶ್ನೆಗೆ ಸೇರಿದ್ದಲ್ಲ, ಬೇರೆ ಪೋಸ್ಟ್ ಹಾಕಿ, ಗೊತ್ತಿರೋರು ಹೇಳ್ತಾರೆ.

ನಿವೃತ್ತ ಮೇಷ್ಟ್ರು ಒಂದು ಒಳ್ಳೇ ತಕರಾರು ತೆಗೆದಿದ್ದಾರೆ. "ಎಲ್ಲಾ ಕಡೆ ಹೀಗೇ ಅನ್ನಬೇಡಿ. ಮಳೆ ಜೂನ್‌ನಲ್ಲಿ 20 ಕಡಿಮೆ, ಜುಲೈನಲ್ಲಿ 20 ಜಾಸ್ತಿ ಅಂದ್ರೆ ನಿಮ್ಮ 96 ಬರುತ್ತಾ?" ಬರಲ್ಲ. ಅವರ ಮಾತು ಒಪ್ಪಿದೆ. ಹವಾಮಾನ ಇಲಾಖೆ ಹೇಳುವ ಪರ್ಸೆಂಟ್ ಆಯಾ ಅವಧಿಯ ವಾಡಿಕೆ ಮಳೆಯ ಮೇಲೆ. ಜೂನ್‌ನಲ್ಲಿ ಎಷ್ಟು ಕಡಿಮೆ ಬಿದ್ರೂ ಜುಲೈನ ವಾಡಿಕೆ ಬದಲಾಗುವುದಿಲ್ಲ. ಒಂದು ಊರಿಗೆ ಜೂನ್ ವಾಡಿಕೆ 150 ಮಿಮೀ, ಜುಲೈ 300 ಅಂತಿಟ್ಟುಕೊಳ್ಳಿ. ಜೂನ್‌ನಲ್ಲಿ 30 ಮಿಮೀ ಕಡಿಮೆಯಾಗಿ 120 ಬಿತ್ತು. ಜುಲೈನಲ್ಲಿ 60 ಮಿಮೀ ಜಾಸ್ತಿಯಾಗಿ 360 ಬಿತ್ತು. ಎರಡೂ ಸೇರಿ 450 ಬರಬೇಕಾದ ಕಡೆ 480 ಬಂತು. ಕೊರತೆ ಹೋಗಲಿ, 30 ಮಿಮೀ ಜಾಸ್ತಿಯೇ ಆಯ್ತು. ಬಿತ್ತನೆಗೆ ಬೇಕಾದಾಗ ಬಾರದ ಮಳೆ ಜುಲೈನಲ್ಲಿ ಬಂದು ಏನುಪಯೋಗ ಅನ್ನೋದು ಬೇರೆ ಮಾತು.

ಅಡಿಕೆಯಲ್ಲಿ ಹೊಸ ಪರ್ಸೆಂಟ್ ಬಿದ್ದ ರೇಟಿನ ಮೇಲೆ ಹತ್ತಿ ಕೂರುತ್ತೆ. ಮಳೆಯಲ್ಲಿ ಹಾಗಲ್ಲ. ಸುಮ್ನೆ 0.8, 1.2 ಅಂತ ಎಲ್ಲದಕ್ಕೂ ಒತ್ತಬೇಡಿ.

ಕೊನೆಗೆ, ಕಾಯಬೇಕಾ ಮಾರಬೇಕಾ. ಇದರಲ್ಲಿ ನನ್ನ ಮಾತು, ಚನ್ನಗಿರಿ ಅಣ್ಣನ ಮಾತು ಒಂದೇ ಅಲ್ಲ. "ಇನ್ನು ಬರೀ 4 ಪರ್ಸೆಂಟ್ ಅಲ್ವಾ, 50 ಆಗೋವರೆಗೆ ಕಾಯಿ" ಅಂತಾರೆ ಅವರು. ಅದೂ 4 ಅಲ್ಲ, 48,000ದ ಮೇಲೆ 2,000 ಅಂದ್ರೆ 4.17, ಇರಲಿ ಬಿಡಿ. ಕಾದ್ರೆ ನಿಮಗೆ ಜಾಸ್ತಿ ಸಿಗುವುದು 20 ಕ್ವಿಂಟಾಲ್‌ಗೆ 40,000. ವರ್ಷಕ್ಕೆ 12 ಪರ್ಸೆಂಟ್ ಬಡ್ಡಿಯ ಸಾಲ 9 ಲಕ್ಷ 60 ಸಾವಿರ ತಲೆ ಮೇಲಿದ್ರೆ ತಿಂಗಳಿಗೆ 9,600 ಬಡ್ಡಿ ಹೋಗುತ್ತೆ. ನಾಲ್ಕು ತಿಂಗಳು ಕಾದ್ರೆ 38,400. ಉಳಿದಿದ್ದು 1,600, ಅದೂ ರೇಟು ಬಂದ್ರೆ. ಸಾಲ ಇಲ್ಲ, ಒಣ ಜಾಗ ಇದೆ, ದುಡ್ಡಿನ ಅರ್ಜೆಂಟ್ ಇಲ್ಲ ಅಂದ್ರೆ ಅವರ ಮಾತಿನಲ್ಲೂ ಹುರುಳಿದೆ. ರೇಟು ಎಲ್ಲಿಗೆ ಹೋಗುತ್ತೆ ಅಂತ ನಾನಂತೂ ಹೇಳಲ್ಲ.

ನಿಮಗೆ ಸಾಲ ಎಷ್ಟಿದೆ ಅಂತ ಇಲ್ಲಿ ಬರೆಯೋದು ಬೇಡ, ಮೇಲಿನ ಲೆಕ್ಕದಲ್ಲಿ ನಿಮ್ಮ ಅಂಕಿ ಹಾಕಿ ನೋಡಿಕೊಳ್ಳಿ. ಆ ಪೇಪರ್ ಸುದ್ದಿಯ ಫೋಟೋ ಮಾತ್ರ ಹಾಕಿ, ಯಾವ ದಿನದ ಯಾವ ರೇಟಿನ ಜೊತೆ ಹೋಲಿಸಿದ್ದಾರೆ ನೋಡೋಣ.