ಮೊದಲು ಯಾರ ಹಾಸಿಗೆಯ ಹತ್ತಿರ ಹೋಗಬೇಕು?

"ನರ್ಸಿಂಗ್ ಪರೀಕ್ಷೆ ಬರೆಯುವ ಕಾಸರಗೋಡಿನ ಕನ್ನಡ ಮಕ್ಕಳಿಗಾಗಿ 'ನಾಲ್ವರಲ್ಲಿ ಯಾರು ಮೊದಲು?' ಅಂತ ಬರೆದಿದ್ದೇನೆ. ಉಸಿರಾಟಕ್ಕೇ ಆದ್ಯತೆ ಅಲ್ವಾ, ಅದಕ್ಕೆ ಆಕ್ಸಿಜನ್ 90 ಇರುವ ಅಜ್ಜನನ್ನು ಉತ್ತರವಾಗಿ ಕೊಟ್ಟೆ. ಪ್ರಕಟಿಸುತ್ತೀರಾ?" – ಬದಿಯಡ್ಕದ ಓದುಗರು

ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ಉತ್ತರ ತಪ್ಪಾಗಿದೆ. ಇದನ್ನು ಓದಿದ ಹುಡುಗಿ ನಾಳೆ ವಾರ್ಡಿನಲ್ಲೂ ಹಾಗೇ ಮಾಡಿಬಿಟ್ಟರೆ ಅನ್ನುವ ಭಯ ನನಗೆ.

ನಿಮ್ಮ ಪ್ರಶ್ನೆಯ ಅಜ್ಜನಿಗೆ ಬಹಳ ವರ್ಷಗಳಿಂದ ಸಿಒಪಿಡಿ ಅನ್ನುವ ಶ್ವಾಸಕೋಶದ ಕಾಯಿಲೆ. ಅಂಥವರಿಗೆ ಆಕ್ಸಿಜನ್ 88ರಿಂದ 92ರ ಒಳಗೆ ಇರಲಿ ಅಂತಲೇ ಸಾಮಾನ್ಯವಾಗಿ ನೋಡಿಕೊಳ್ಳುತ್ತಾರೆ. ಅವರು ಕೂತು ಚಾ ಕುಡಿಯುತ್ತಾ ಮಾತಾಡುತ್ತಿದ್ದಾರೆ ಅಂತ ನೀವೇ ಬರೆದಿದ್ದೀರಿ. 90 ಅವರ ಮಾಮೂಲಿ ಸ್ಥಿತಿ. ಮಂಪರು ಬಂದಿದ್ದರೆ, ಒಂದೊಂದೇ ಶಬ್ದಕ್ಕೆ ಉಸಿರು ಕಟ್ಟುತ್ತಿದ್ದರೆ ಮಾತು ಬೇರೆ.

ಈಗ ಎರಡನೇ ಹಾಸಿಗೆ ನೋಡಿ. ಥೈರಾಯ್ಡ್ ಆಪರೇಷನ್ ಆಗಿ ಐದು ಗಂಟೆಯಾದ ಹೆಂಗಸು. "ಗಂಟಲು ಬಿಗಿ ಹಿಡಿದ ಹಾಗೆ ಆಗ್ತದೆ ಸಿಸ್ಟರ್" ಅನ್ನುತ್ತಾಳೆ. ಆಕ್ಸಿಜನ್ 97, ಬ್ಯಾಂಡೇಜ್ ಒಣಗಿದೆ. ಇಷ್ಟು ಚೆನ್ನಾಗಿ ಬರೆದು ಅವಳನ್ನು ಬಿಟ್ಟುಬಿಟ್ಟಿರಿ! ಮೊದಲು ಓಡಬೇಕಾದದ್ದು ಅವಳ ಹತ್ತಿರ. ಕತ್ತಿನ ಒಳಗೆ ರಕ್ತ ಸೋರಿ ಕಟ್ಟಿಕೊಂಡರೆ ಗಂಟಲಿನ ಒಳಭಾಗ ಊದಿಕೊಂಡು ಉಸಿರಿನ ದಾರಿ ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲೂ ಸ್ವಲ್ಪ ಹೊತ್ತು ಗಾಳಿ ಸಾಕಷ್ಟು ಹೋಗುತ್ತದೆ. ಅದಕ್ಕೇ 97. ಆ ಅಂಕಿ ಬೀಳುವ ಹೊತ್ತಿಗೆ ದಾರಿ ಮುಚ್ಚುತ್ತಾ ಬಂದಿರುತ್ತದೆ. ಉಸಿರಾಟಕ್ಕಿಂತ ಉಸಿರಿನ ದಾರಿ ಮೊದಲು ಅನ್ನುವುದು ಇದಕ್ಕೆ.

ಬ್ಯಾಂಡೇಜ್ ಒಣಗಿದ್ದರೆ ಸಮಾಧಾನಪಡಬೇಡಿ. ಮಲಗಿದವರ ರಕ್ತ ಹಿಂದಕ್ಕೆ ಹರಿಯುತ್ತದೆ, ಕತ್ತಿನ ಹಿಂಭಾಗಕ್ಕೆ ಕೈ ಹಾಕಿ ನೋಡಬೇಕು. ಅಲ್ಲೂ ಒದ್ದೆ ಇಲ್ಲದೆ ಒಳಗೇ ಕಟ್ಟಿಕೊಂಡಿರಬಹುದು, ಹಾಗಾಗಿ ಕತ್ತು ಊದಿದೆಯಾ ಅಂತಲೂ ಗಮನಿಸಬೇಕು. ಅವಳನ್ನು ಎಬ್ಬಿಸಿ ಕೂರಿಸಿ, ಆಕ್ಸಿಜನ್ ಹಾಕಿ, ಪಕ್ಕ ಬಿಟ್ಟು ಹೋಗದೆ ಕೂಗಿ ಸರ್ಜನ್‌ರನ್ನು ಕರೆಸಬೇಕು. ಹೊಲಿಗೆ ಬಿಚ್ಚುವ ಸೆಟ್ ಹಾಸಿಗೆ ಪಕ್ಕದಲ್ಲೇ ಇರಬೇಕು.

ಒಂದು ವಿವರ ನೀವು ಸೇರಿಸಲೇಬೇಕು: ಅವಳ ಧ್ವನಿ. ಅರಿವಳಿಕೆಗೆ ನಳಿಗೆ ಹಾಕಿದವರಿಗೆ ಧ್ವನಿ ಸ್ವಲ್ಪ ಒಡೆಯುವುದು ಸಹಜ. ಅದು ಗಂಟೆಗಂಟೆಗೂ ಕೆಡುತ್ತಾ ಹೋದರೆ, ಉಸಿರು ಎಳೆಯುವಾಗ ಕೀರಲು ಸದ್ದು ಬಂದರೆ ಅಪಾಯ. ಈ ವ್ಯತ್ಯಾಸ ಪ್ರಶ್ನೆಯಲ್ಲೇ ಕಾಣಬೇಕು, ಇಲ್ಲದಿದ್ದರೆ ಓದುವವರು ಸುಮ್ನೆ ಊಹಿಸುತ್ತಾರೆ.

ಆಮೇಲೆ ವಾಂತಿಭೇದಿಯ ಹುಡುಗ, ನಾಡಿ 124, ಮೂತ್ರವೂ ಕಡಿಮೆ. ಅದು ರಕ್ತಸಂಚಾರದ ತೊಂದರೆ, ಅಜ್ಜನಿಗಿಂತ ಅವನು ಮೊದಲು. ಮಂಡಿ ಆಪರೇಷನ್ ಆಗಿ ಅಳುತ್ತಿರುವವರ ನೋವು ಹತ್ತಕ್ಕೆ ಎಂಟು ಇದ್ದರೂ ಈ ಇಬ್ಬರ ನಂತರವೇ.

ಚಂದ್ರಗಿರಿ ಹೊಳೆಯ ವರ್ಣನೆಯ ಮೊದಲ ಪುಟ ತೆಗೆಯಿರಿ. ಆ ಹೆಂಗಸಿನ ಮಾತಿನಿಂದಲೇ ಲೇಖನ ಶುರು ಮಾಡಿ ಮತ್ತೆ ಕಳಿಸಿ.